ನೊರೆ ನೋಡಿ ಪುಡಿ ಸುರೀಬೇಡ ಮಗಾ

ಮಗಾ, ಮೊನ್ನೆ ಹರದನಹಳ್ಳಿಯಿಂದ ಫೋನ್ ಮಾಡಿ, ‘ದೊಡ್ಡಪ್ಪ, ಮಿಷನ್ನು ನೀರು ಬಿಡ್ತಿಲ್ಲ, ಪುಡಿ ಹಾಕೋ ಡಬ್ಬಿಯಿಂದ ನೊರೆ ಉಕ್ತಿದೆ, ಮೋಟ್ರು ಸುಟ್ಟೋಯ್ತೇನೋ’ ಅಂದೆ. ಮೋಟ್ರಿಗೆ ಏನೂ ಆಗಿರಲಿಲ್ಲ. ಎರಡು ಅಳತೆ ಪುಡಿ, ಅದೂ ಗೋಪುರದ ಹಾಗೆ ತುಂಬಿ ಹಾಕಿದ್ದೆ. ಮಿಷನ್ ರಿಪೇರಿಯಲ್ಲೇ ಕೂದಲು ನೆರೆಸಿಕೊಂಡವನು ಹೇಳ್ತಿದೀನಿ, ಕೇಳು.

• ಮುಂದಕ್ಕೆ ಬಾಗಿಲಿರೋ ಮಿಷನ್ನು ಒಗೆಯೋವಾಗ ಕುಡಿಯೋ ನೀರು ಹೆಚ್ಚುಕಡಿಮೆ ಒಂದು ಬಿಂದಿಗೆ, 15 ಲೀಟರ್ ಅಂದುಕೋ. ಬಟ್ಟೆಯನ್ನ ಮೇಲಕ್ಕೆ ಎತ್ತಿ ದೊಪ್ಪನೆ ಕೆಡವಿ ಕೊಳೆ ಬಿಡಿಸುತ್ತೆ, ಒಗೆಯೋ ಕಲ್ಲಿಗೆ ಬಡಿದ ಹಾಗೆ. ನೊರೆ ತುಂಬಿದರೆ ಬಟ್ಟೆ ಹಾಸಿಗೆ ಮೇಲೆ ಬಿದ್ದಂಗೆ ಮೆತ್ತಗೆ ಬೀಳುತ್ತೆ. ಅದಕ್ಕೇ ಪುಡಿ ಜಾಸ್ತಿ ಹಾಕಿದಷ್ಟೂ ಕಾಲರಿನ ಕೊಳೆ ಅಲ್ಲೇ ಉಳಿಯೋದು.

• ನಿನ್ನದು 7 ಕಿಲೋ ಮಿಷನ್ನು. ಮುಕ್ಕಾಲು ತುಂಬಿದ ಬಟ್ಟೆಗೆ ಬೋರ್‌ವೆಲ್ ನೀರಾದರೆ 60 ಗ್ರಾಂ ಪುಡಿಯಿಂದ ಶುರು ಮಾಡು, ಹೊಳೆ ನೀರಾದರೆ 40. ನಾಲ್ಕು ಬಟ್ಟೆ ಮಾತ್ರ ಇದ್ದರೆ ಅದರರ್ಧ ಸಾಕು. ಪೊಟ್ಟಣದ ಹಿಂದಿನ ಅಳತೆಯನ್ನೂ ನೋಡಿಕೋ, ಒಂದೊಂದು ಪುಡಿಯ ಖಾರ ಒಂದೊಂದು ಥರ. ಅಳತೆ ಚಮಚವನ್ನ ಒಂದ್ಸಲ ಅಂಗಡಿ ತಕ್ಕಡೀಲಿ ತೂಗಿಸಿ, 40ಕ್ಕೂ 60ಕ್ಕೂ ಪೆನ್ನಲ್ಲಿ ಗೆರೆ ಎಳೆದುಕೋ. ಗುಪ್ಪೆ ಮಾಡದೆ ಸಮ ಮಾಡಿ ಹಾಕು.

• ನೀನು ತಪ್ಪಿದ್ದು ಇಲ್ಲೇ. ಬೋರ್ ನೀರಿನ ಗಡಸು ನೊರೆಯನ್ನ ನುಂಗಿಬಿಡುತ್ತೆ. ನೊರೆ ಬರಲಿಲ್ಲ ಅಂತ ಒಂದಕ್ಕೆ ಎರಡು ಮಾಡಿಕೊಂಡೆ, ಅದೇ ರೂಢಿಯಾಯ್ತು. ಆಮೇಲೆ ಟ್ಯಾಂಕಿಗೆ ಹೊಳೆ ನೀರು ತುಂಬಿದ ದಿನವೂ ಅದೇ ಎರಡು ಬಿತ್ತು. ಮೆದು ನೀರಲ್ಲಿ ನುಂಗೋರು ಯಾರೂ ಇಲ್ಲ, ಎಲ್ಲಾ ನೊರೆಯಾಗಿ ಎದ್ದಿತು. ಟ್ಯಾಂಕಿನಲ್ಲಿ ಯಾವ ನೀರಿದೆ ಅಂತ ಮೊದಲು ಕೇಳು, ಆಮೇಲೆ ಚಮಚ ಮುಟ್ಟು.

• ಬಕೀಟಲ್ಲಿ ನೆನೆಸೋ ಪುಡಿಯನ್ನ ಇದಕ್ಕೆ ಹಾಕಲೇಬೇಡ. ಅದು ನೊರೆ ಬರಲಿ ಅಂತಲೇ ಮಾಡಿದ್ದು. ಮಿಷನ್ ಪುಡಿಯಲ್ಲಿ ನೊರೆ ಅಡಗಿಸೋ ಮದ್ದು ಬೆರೆಸಿರ್ತಾರೆ.

• ಅರಿಶಿನ ಬೇಯಿಸೋ ಕಾಲದಲ್ಲಿ ಮಾವನ ಪಂಚೆ ಹಳದಿಯಾಗೋದು ಗೊತ್ತಲ್ಲ. ಪುಡಿ ತಗುಲಿದರೆ ಆ ಕಲೆ ಕೆಂಪಗಾಗುತ್ತೆ, ಕಂಡು ಹೆದರಿ ಇನ್ನೊಂದು ಚಮಚ ಸುರೀತೀರಿ. ಅದು ಕ್ಷಾರ ಸೋಕಿದ ಬಣ್ಣ ಅಷ್ಟೆ, ಜಾಲಾಡಿದರೆ ಮತ್ತೆ ಹಳದಿ. ಅದನ್ನ ಮಾಸಿಸೋದು ಬಿಸಿಲು. ಒದ್ದೆ ಪಂಚೆ ಹಿತ್ತಲಲ್ಲಿ ಹರವು. ಬಾಳೆ ರಸದ ಕಲೆಗಂತೂ ಎಷ್ಟು ಪುಡಿ ಹಾಕಿದರೂ ದಂಡ.

• ಪಂಪು ನೀರು ನೂಕೋಕೆ ಇರೋದು. ಒಳಗೆ ಸಣ್ಣ ರೆಕ್ಕೆ ಚಕ್ರ ತಿರುಗುತ್ತೆ. ನೊರೆ ಅಂದರೆ ಬರೀ ಗಾಳಿ, ರೆಕ್ಕೆಗೆ ಸಿಗೋದಿಲ್ಲ. ಗುರ್ ಅಂತ ತಿರುಗುತ್ತಲೇ ಇರುತ್ತೆ, ನೀರು ಹೋಗಲ್ಲ. ಹೊತ್ತು ಮೀರಿದರೆ ಪರದೆ ಮೇಲೆ OE ಅಂತಲೋ 5E ಅಂತಲೋ ಬರುತ್ತೆ, ಕೆಲವು ಮಿಷನ್ನು ನೇರವಾಗಿ Sud ಅಂತಲೇ ತೋರಿಸುತ್ತೆ. ಹಿಂಡೋ ಹೊತ್ತಿಗೆ ಡ್ರಮ್ಮಿಗೂ ಹೊರಗಿನ ತೊಟ್ಟಿಗೂ ನಡುವೆ ನೊರೆ ಸಿಕ್ಕಿ ಬ್ರೇಕು ಹಿಡಿದಂಗಾಗುತ್ತೆ. ಬಟ್ಟೆ ತೊಟ್ಟಿಕ್ಕುತ್ತಾ ಹೊರಗೆ ಬರೋದು ಅದಕ್ಕೇ.

• ಹಾಗಾದ ದಿನ ಬಾಗಿಲು ಎಳೆದಾಡಬೇಡ. ನಿಲ್ಲಿಸಿ ಅರ್ಧ ಗಂಟೆ ಬಿಡು, ನೊರೆ ತಾನಾಗೇ ಇಳಿಯುತ್ತೆ. ಆಮೇಲೆ ಪುಡಿ ಇಲ್ಲದೆ ಜಾಲಾಡೋದನ್ನ ಮಾತ್ರ ಓಡಿಸು. ನೀರು ಇನ್ನೂ ನಿಂತಿದ್ದರೆ ಕೆಳಗಿನ ಸಣ್ಣ ಮುಚ್ಚಳ ತೆಗಿ. ಅಗಲ ತಟ್ಟೆ ಇಟ್ಟುಕೊಂಡು ಫಿಲ್ಟರನ್ನ ನಿಧಾನವಾಗಿ ಬಿಚ್ಚು, ಬಿಸಿ ನೀರಿದ್ದರೆ ಆರೋವರೆಗೆ ಕಾಯಿ. ಪ್ಲಗ್ ಮೊದಲೇ ಕಿತ್ತಿರಬೇಕು.

• ಡ್ರಮ್ಮಿನ ಕಷ್ಟ ತಡವಾಗಿ ತಿಳಿಯುತ್ತೆ. ಸ್ಟೀಲ್ ಡ್ರಮ್ಮಿನ ಬೆನ್ನಿಗೆ ಮೂರು ಕಾಲಿನ ಅಲ್ಯೂಮಿನಿಯಂ ತುಂಡೊಂದು ಇರುತ್ತೆ, ನಾವು ಸ್ಪೈಡರ್ ಅಂತೀವಿ. ಜಾಲಾಡಿದರೂ ಹೋಗದ ಪುಡಿ ಅದರ ಸಂದಿಗಳಲ್ಲಿ ಬೂದು ಗಸಿಯಾಗಿ ಅಂಟಿ, ಸದಾ ತೇವವಾಗಿರುತ್ತೆ. ಅದರಡಿಯಲ್ಲಿ ಅಲ್ಯೂಮಿನಿಯಂ ಹುಳ ಹಿಡಿದ ಮರದಂಗೆ ತಿನ್ನಿಸಿಕೊಳ್ಳುತ್ತೆ. ಕಾಲು ಮುರಿದರೆ ಡ್ರಮ್ ಓಲಾಡಿ ತೊಟ್ಟಿಗೆ ಬಡಿಯುತ್ತೆ. ಸ್ಪೈಡರ್ ಬದಲಿಸೋಕೆ ಇಡೀ ತೊಟ್ಟಿ ಬಿಚ್ಚಬೇಕು, ಎಷ್ಟೋ ಸಲ ಆ ಖರ್ಚಿಗೆ ಹೊಸ ಮಿಷನ್ನೇ ವಾಸಿ ಅನ್ನಿಸುತ್ತೆ.

• ನಿಮ್ಮ ಮನೇಲಿ ಎಷ್ಟು ಗಸಿ ಕೂತಿದೆ ನೋಡಬೇಕಾ? ಒಗೆದು ಒಣಗಿದ ಎರಡು ಟವಲ್ ಹಾಕಿ, ಪುಡಿ ಇಲ್ಲದೆ ಬಿಸಿ ನೀರಲ್ಲಿ ತಿರುಗಿಸು. ಹತ್ತು ನಿಮಿಷ ಬಿಟ್ಟು ಗಾಜಿನಲ್ಲಿ ಇಣುಕು. ನೊರೆ ಕಂಡರೆ ಅದು ಹಳೇ ಪುಡಿ. ನೊರೆ ನಿಲ್ಲೋವರೆಗೆ ಹೀಗೇ ಓಡಿಸು, ಆಮೇಲೆ ಗೆರೆ ಹಾಕಿದ ಚಮಚದಿಂದ ಶುರು ಮಾಡು. ಒಗೆಯೋವಾಗ ನೊರೆ ಗಾಜಿನ ಕೆಳಗಿನ ಮೂರನೇ ಒಂದು ಪಾಲು ದಾಟದಿದ್ದರೆ ಅಳತೆ ಸರಿ. ಅರ್ಧಕ್ಕೆ ಏರಿತೋ, ಮುಂದಿನ ಸಲ 10 ಗ್ರಾಂ ಇಳಿಸು.