ಹಾವು ಕಡಿತದ ಕರಪತ್ರ ತಿದ್ದುವಾಗ

ಮಗಳೇ, ನೀನು ಬರೆದ ಕರಪತ್ರ ಓದಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಊರೂರಿಗೂ ಹಂಚುವ ಹಾಳೆ. ಹಾವು ಕಚ್ಚಿದಾಗ ಏನು ಮಾಡಬೇಕೆಂಬುದು ಅದರಲ್ಲಿ ಸರಿಯಾಗಿಯೇ ಇದೆ. ಆದರೆ ಮೊದಲ ಸಾಲೇ ‘ಮುಗ್ಧ ಗ್ರಾಮೀಣ ಬಾಂಧವರೇ’ ಎಂದು ಶುರುವಾಗುತ್ತದೆ. ನಡುವೆ ‘ಅಜ್ಞಾನದಿಂದ’, ಕೊನೆಗೆ ‘ಇನ್ನಾದರೂ ಎಚ್ಚೆತ್ತುಕೊಳ್ಳಿ’. ಹೊಲಗದ್ದೆಯಲ್ಲಿ ದಿನವೂ ಹಾವು ನೋಡುವವರಿಗೆ, ಹಾವಿನ ಬಗ್ಗೆ ನೀವು ದಡ್ಡರು ಎಂದು ಹೇಳಿದ ಹಾಗಾಯಿತು. ಹಾಗೆ ಕೇಳಿಸಿದ ಮೇಲೆ ಕೆಳಗಿನ ಸಲಹೆಯನ್ನು ಯಾರು ಓದುತ್ತಾರೆ?

ಓದದೇ ಹೋದರೆ ಆಗುವ ನಷ್ಟ ಸಣ್ಣದಲ್ಲ. 2000ದಿಂದ 2019ರವರೆಗಿನ ಲೆಕ್ಕ ಹಿಡಿದು ಮಾಡಿದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸಾಯುತ್ತಾರೆ, ಹೆಚ್ಚಿನವರು ಹಳ್ಳಿಯವರು. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ತಿದ್ದುವ ಮೊದಲು ಒಂದು ಕೆಲಸ ಮಾಡು. ಬೇರೆ ಹಾಳೆ ತಗೊಂಡು ಸಲಹೆಗಳನ್ನಷ್ಟೇ ಎತ್ತಿ ಬರೆದುಕೋ. ನಾನು ಎತ್ತಿದಾಗ ಆರು ಸಿಕ್ಕವು: ಕಚ್ಚಿದ ಕೈ ಅಥವಾ ಕಾಲನ್ನು ಅಲುಗಿಸಬಾರದು, ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಬೇಡ, ಹಾವನ್ನು ಹಿಡಿಯಲು ಹೋಗಬಾರದು, ತಡಮಾಡದೆ ನೇರ ಆಸ್ಪತ್ರೆಗೆ ಹೋಗಬೇಕು, ಏನೂ ಆಗಿಲ್ಲ ಅನ್ನಿಸಿದರೂ 24 ಗಂಟೆ ಅಲ್ಲೇ ಇರಬೇಕು, ಕತ್ತಲಲ್ಲಿ ಓಡಾಡುವಾಗ ಟಾರ್ಚ್ ಮತ್ತು ಪಾದ ಮುಚ್ಚುವ ಚಪ್ಪಲಿ ಅಥವಾ ಬೂಟು ಬೇಕು. ಈ ಆರು ವೈದ್ಯರದ್ದು. ಇವನ್ನು ಮುಟ್ಟುವ ಅಧಿಕಾರ ನಿನಗೂ ಇಲ್ಲ, ನನಗೂ ಇಲ್ಲ. ಉಳಿದ ಮಾತೆಲ್ಲ ನಿನ್ನದು. ತಿದ್ದಬೇಕಾದ್ದು ಅಷ್ಟನ್ನೇ.

ಈಗ ನಿನ್ನ ನಾಲ್ಕನೆಯ ಸಾಲು ನೋಡು. ‘ಮೂಢನಂಬಿಕೆಗೆ ಬಲಿಯಾಗಿ ಮಂತ್ರ, ನಾಟಿ ಔಷಧಿ ಎಂದು ಅಲೆಯದೆ ಕೂಡಲೇ ಆಸ್ಪತ್ರೆಗೆ ಬನ್ನಿ.’ ಮೂಢನಂಬಿಕೆ ಎಂಬ ಪದ ತೆಗೆದರೆ ಮುಗಿಯಿತು ಅಂದುಕೊಳ್ಳಬೇಡ. ಆ ಪದ ಒಂದು ಕಾರಣ ಇರಬೇಕಾದ ಜಾಗದಲ್ಲಿ ಕೂತಿದೆ. ಜನ ಔಷಧಿ ಹಾಕುವವರ ಹತ್ತಿರ ಯಾಕೆ ಹೋಗುತ್ತಾರೆ? ಅಲ್ಲಿಗೆ ಹೋಗಿ ಬದುಕಿ ಬಂದವರನ್ನು ಕಣ್ಣಾರೆ ಕಂಡಿದ್ದಾರೆ. ಅದು ಸುಳ್ಳಲ್ಲ. ನಮ್ಮ ಸುತ್ತಲಿನ ಹೆಚ್ಚಿನ ಹಾವುಗಳಿಗೆ ಪ್ರಾಣ ತೆಗೆಯುವ ವಿಷವಿಲ್ಲ. ವಿಷದ ಹಾವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಹಾಗಾಗಿ ಯಾವ ಔಷಧಿ ಕೊಟ್ಟರೂ ಎಷ್ಟೋ ಜನ ಉಳಿಯುತ್ತಾರೆ. ವಿಷ ಮೈಗೆ ಸೇರಿದವರ ಪಾಡು ಬೇರೆ. ಇದನ್ನೇ ಬರೆ:

‘ಹಾವು ಕಚ್ಚಿದ ಎಷ್ಟೋ ಜನ ಔಷಧಿ ಇಲ್ಲದೆಯೂ ಉಳಿಯುತ್ತಾರೆ, ಏಕೆಂದರೆ ಅವರ ಮೈಗೆ ವಿಷ ಸೇರಿರುವುದಿಲ್ಲ. ಸೇರಿದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಸೇರಿದ್ದರೆ ಅದಕ್ಕಿರುವ ಮದ್ದು ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಒಂದೇ, ಅದು ಆಸ್ಪತ್ರೆಯಲ್ಲೇ ಸಿಗುವುದು. ಬೇರೆಲ್ಲೂ ನಿಲ್ಲದೆ ನೇರ ಆಸ್ಪತ್ರೆಗೆ ಹೋಗಿ.’

ಸಾಲು ಉದ್ದವಾಯಿತು ಎಂದು ನಿನ್ನ ಮೇಲಿನವರು ಹೇಳಬಹುದು. ಉದ್ದವಾಗಲಿ. ಬೈಗುಳಕ್ಕೆ ಒಂದು ಪದ ಸಾಕು, ಕಾರಣಕ್ಕೆ ಮೂರು ವಾಕ್ಯ ಬೇಕು. ಜಾಗ ಸಾಲದಿದ್ದರೆ ಆ ಚಿತ್ರ ತೆಗೆದುಬಿಡು: ಡಾಕ್ಟರು ಬೆರಳೆತ್ತಿ ನಿಂತಿದ್ದಾರೆ, ಪಂಚೆ ಉಟ್ಟವನು ಕೈಮುಗಿದು ಕೂತಿದ್ದಾನೆ. ನೀನು ಸಾಲುಗಳಿಂದ ಏನನ್ನು ತೆಗೆಯುತ್ತಿದ್ದೀಯೋ ಅದೇ ಆ ಚಿತ್ರದಲ್ಲಿ ತುಂಬಿಕೊಂಡಿದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಗದರಿಕೆ ತೆಗೆಯುವ ಭರದಲ್ಲಿ ಸಲಹೆಯನ್ನೇ ಮೆತ್ತಗೆ ಮಾಡಿಬಿಡುವುದು. ನೀನು ಒಮ್ಮೆ ತಿದ್ದಿ ನೋಡಿದ ಎರಡನೆಯ ಕರಡಿನಲ್ಲಿ ಹಾಗೇ ಆಗಿದೆ: ‘ಸಾಧ್ಯವಾದಷ್ಟು ಬೇಗ ಆಸ್ಪತ್ರೆಗೆ ಹೋಗುವುದು ಒಳ್ಳೆಯದು’. ಇದನ್ನು ಓದಿದವರು ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಹೊರಟರೆ ತಪ್ಪು ಅವರದಲ್ಲ. ‘ಹೋಗಿ’ ಅನ್ನು. ‘ಕಟ್ಟಬೇಡಿ’ ಅನ್ನು. ಮನೆಯ ಹಿರಿಯರು ‘ಬಿಸಿ ಇದೆ, ಮುಟ್ಟಬೇಡ’ ಅಂದರೆ ಯಾರಿಗೂ ಅವಮಾನ ಆಗುವುದಿಲ್ಲ. ಖಡಾಖಂಡಿತ ಮಾತು ನೋಯಿಸದು; ‘ನಿನಗೆಲ್ಲಿ ತಿಳಿಯುತ್ತೆ’ ಎಂಬ ಧಾಟಿ ನೋಯಿಸುತ್ತದೆ.

ಆರನೆಯ ಸಲಹೆಯ ಸಾಲಿಗೆ ಬಾ. ‘ರಾತ್ರಿ ಹೊತ್ತು ಅನಗತ್ಯವಾಗಿ ಹೊಲಕ್ಕೆ ಹೋಗಿ ಅಪಾಯ ತಂದುಕೊಳ್ಳಬೇಡಿ, ಹೋದರೆ ಟಾರ್ಚ್, ಬೂಟು ಇರಲಿ.’ ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ಪಂಪ್‌ಸೆಟ್ ಹಾಕಲು ರಾತ್ರಿಯೇ ಹೋಗಬೇಕಲ್ಲವೇನವ್ವಾ? ಅನಗತ್ಯ ಎಂದು ತೀರ್ಮಾನಿಸಿದವರು ಯಾರು? ಆ ಮೊದಲ ಅರ್ಧ ಸಲಹೆಯೇ ಅಲ್ಲ, ಆ ಆರರ ಪಟ್ಟಿಯಲ್ಲಿ ಅದು ಇಲ್ಲ. ‘ರಾತ್ರಿ ನೀರು ಹಾಯಿಸಲು ಹೋಗುವಾಗ ಟಾರ್ಚ್ ಹಿಡಿದು, ಪಾದ ಮುಚ್ಚುವ ಚಪ್ಪಲಿ ಅಥವಾ ಬೂಟು ಹಾಕಿ ಹೋಗಿ’ ಎಂದರೆ ಸಲಹೆ ಇದ್ದಂತೆಯೇ ಇರುತ್ತದೆ, ಓದುವವರ ಬದುಕನ್ನು ಬಲ್ಲವರು ಬರೆದಂತೆಯೂ ಆಗುತ್ತದೆ.

ಕಾರಣ ಹೇಳುವುದರಿಂದ ಸಲಹೆ ಎಷ್ಟು ಗಟ್ಟಿಯಾಗುತ್ತದೆ ಎಂಬುದಕ್ಕೆ ಐದನೆಯದನ್ನು ನೋಡು. ‘ಗುರುತಿಲ್ಲವೆಂದು ಉದಾಸೀನ ಮಾಡುವ ಅವಿವೇಕ ಬೇಡ, 24 ಗಂಟೆ ಆಸ್ಪತ್ರೆಯಲ್ಲಿರಿ’ ಎಂದು ಬರೆದಿದ್ದೀಯ. ನೋವಿಲ್ಲ, ಊತವಿಲ್ಲ ಎಂದಮೇಲೆ ಕೂಲಿ ಬಿಟ್ಟು ಒಂದು ದಿನ ಮಲಗಲು ಯಾರಿಗೆ ಮನಸ್ಸು ಬರುತ್ತದೆ? ಅದು ಅವಿವೇಕವಲ್ಲ. ಕಟ್ಟುಹಾವಿನ ಗುಣ ತಿಳಿಸು: ‘ಕಟ್ಟುಹಾವು ರಾತ್ರಿ ಮಲಗಿದ್ದವರನ್ನು ಕಚ್ಚುವುದು ಹೆಚ್ಚು. ಕಚ್ಚಿದ ಜಾಗದಲ್ಲಿ ನೋವು, ಊತ, ಗುರುತು ಕಾಣದೇ ಇರಬಹುದು. ಗಂಟೆಗಳಾದ ಮೇಲೆ ಹೊಟ್ಟೆನೋವು ಬಂದು, ಕಣ್ಣಿನ ರೆಪ್ಪೆ ಜೋತುಬಿದ್ದು, ನುಂಗಲು, ಉಸಿರಾಡಲು ಕಷ್ಟವಾಗಬಹುದು. ಅದಕ್ಕೇ 24 ಗಂಟೆ ಆಸ್ಪತ್ರೆಯಲ್ಲಿರಿ.’ ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಪತ್ತೆಹಚ್ಚಲು ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ, ಅನುಮಾನವಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ. ಇದನ್ನೂ ಒಂದು ಸಾಲಿನಲ್ಲಿ ತಿಳಿಸಿದರೆ, ಸುಮ್ಮನೆ ಕಾಯಿಸುತ್ತಿದ್ದಾರೆ ಎಂಬ ಬೇಸರ ಇರುವುದಿಲ್ಲ. ಹಾವು ಹಿಡಿಯಬೇಡಿ ಎಂಬುದಕ್ಕೂ ಕಾರಣ ಚಿಕ್ಕದೇ: ನಮ್ಮಲ್ಲಿ ಪ್ರಾಣಕ್ಕೆ ಕುತ್ತಾಗುವ ನಾಲ್ಕು ಮುಖ್ಯ ಹಾವುಗಳಿಗೂ ಒಂದೇ ಇಂಜೆಕ್ಷನ್, ಹಾವನ್ನು ತರಬೇಕಾಗಿಲ್ಲ.

ತಿದ್ದಿದ ಮೇಲೆ ಹೊಸ ಹಾಳೆಯಿಂದ ಸಲಹೆಗಳನ್ನು ಮತ್ತೆ ಎತ್ತಿ ಬರೆ, ಹಳೆಯ ಪಟ್ಟಿಯ ಪಕ್ಕ ಇಡು. ಆರಕ್ಕೆ ಆರು ಇರಬೇಕು, ‘ಬೇಡ’ ಅಂದಲ್ಲಿ ‘ಬೇಡ’ವೇ ಇರಬೇಕು. ಎರಡೂ ಪಟ್ಟಿಯನ್ನು ವೈದ್ಯಾಧಿಕಾರಿಗೆ ತೋರಿಸಿ ಸಹಿ ಹಾಕಿಸು. ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ನಾಲ್ಕಾರು ಮನೆಯಲ್ಲಿ ಗಟ್ಟಿಯಾಗಿ ಓದು. ಮನೆಯಲ್ಲಿ ಮಕ್ಕಳು ಓದಿ ದೊಡ್ಡವರು ಕೇಳುವುದೂ ಉಂಟು. ‘ಅರ್ಥ ಆಯ್ತಾ?’ ಅಂತ ಕೇಳಬೇಡ, ಮರ್ಯಾದೆಗೆ ಎಲ್ಲರೂ ಹೂಂ ಅನ್ನುತ್ತಾರೆ. ‘ಇವತ್ತು ರಾತ್ರಿ ನಿಮ್ಮ ಯಜಮಾನರಿಗೆ ಕಚ್ಚಿದರೆ ಮೊದಲು ಏನು ಮಾಡ್ತೀರಿ?’ ಅಂತ ಕೇಳು. ಉತ್ತರದಲ್ಲಿ ಬಟ್ಟೆ ಕಟ್ಟುವ ಮಾತು ಬಂದರೆ ನಿನ್ನ ಎರಡನೆಯ ಸಲಹೆಯ ಸಾಲು ಇನ್ನೂ ಸರಿಹೋಗಿಲ್ಲ ಎಂದು ತಿಳಿ.

ಆ ಸಾಲಿನಲ್ಲಿ ಒಂದು ಕೊರತೆಯಿದೆ. ಈಗಾಗಲೇ ಗಾಬರಿಯಲ್ಲಿ ಬಿಗಿಯಾಗಿ ಕಟ್ಟಿಬಿಟ್ಟವರು ಏನು ಮಾಡಬೇಕು? ನೀನು ಅವರನ್ನು ಬೈದು ಬಿಟ್ಟಿದ್ದೀಯ. ಅವರು ಓದಿ ಹೆದರಿ ಕಟ್ಟನ್ನು ತಟ್ಟನೆ ಬಿಚ್ಚಿದರೆ, ಅಲ್ಲಿ ತಡೆದು ನಿಂತಿದ್ದ ವಿಷ ಒಮ್ಮೆಲೇ ಮೈಗೆ ಹರಡಬಹುದು. ಅದನ್ನು ಆಸ್ಪತ್ರೆಯಲ್ಲಿ ವೈದ್ಯರೇ ಬಿಚ್ಚಬೇಕು. ಇದು ಹೊಸ ಸಲಹೆ, ನಾವಾಗಿ ಸೇರಿಸುವಂತಿಲ್ಲ. ವೈದ್ಯಾಧಿಕಾರಿಯನ್ನು ಕೇಳು. ಅವರು ಒಪ್ಪಿದರೆ ‘ಕಟ್ಟಬೇಡಿ’ ಎಂಬುದರ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸು.