ಸಮುದ್ರದ ಉಪ್ಪೂ ಅದರ ನೀರಿನ ಪದರಗಳೂ

ಹುಣಸೂರಿನ ಲಕ್ಷ್ಮಣತೀರ್ಥವೂ ಹೆಗ್ಗಡದೇವನಕೋಟೆಯ ಕಪಿಲೆಯೂ ಕಾವೇರಿಯನ್ನು ಕೂಡಿ ಬಂಗಾಳಕೊಲ್ಲಿಗೆ ಹೋಗುತ್ತವೆ. ಹೋಗುವ ನೀರು ಸಿಹಿಯಾಗಿರುವಾಗ ಅದನ್ನು ಸೇರಿಸಿಕೊಳ್ಳುವ ಸಮುದ್ರವು ಉಪ್ಪಾಗಿರುವದು ಹೇಗೆ?

ಬಚ್ಚಲಿನ ಹಂಡೆಯ ಒಳಗಡೆ ನೋಡಿರಿ. ದಿನಾಲು ನೀರು ಕಾಸಿದಲ್ಲಿ ಬಿಳೀ ಪೊರೆ ಕಟ್ಟಿರುತ್ತದೆ. ಅದು ನೀರಿನಲ್ಲಿ ಕರಗಿದ್ದ ಸುಣ್ಣವೇ. ಹೇಗಂದರೆ, ಮಳೆಯ ನೀರು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗಿ, ಕಲ್ಲುಮಣ್ಣುಗಳ ಸತ್ವವನ್ನು ಮೆಲ್ಲಗೆ ಕರಗಿಸುತ್ತದೆ. ಲೋಕದ ನದಿಗಳ ಒಂದು ಲೀಟರಿನಲ್ಲಿ ಇದು ಸರಾಸರಿ ಒಂದು ಗ್ರಾಮಿನ ಹತ್ತನೇ ಪಾಲಿನಷ್ಟು ಮಾತ್ರ. ಆದಕಾರಣ ನಾಲಿಗೆಗೆ ತಿಳಿಯದು. ಬಿಸಿಲು ಸಮುದ್ರದಿಂದ ಬರೀ ನೀರನ್ನು ಆವಿಯಾಗಿ ಎತ್ತುತ್ತದೆ, ಕರಗಿದ್ದು ಅಲ್ಲೇ ಉಳಿಯುತ್ತದೆ. ಅಡಿಗೆಯುಪ್ಪಿನ ಎರಡು ಭಾಗಗಳಲ್ಲಿ ಸೋಡಿಯಂ ಬಹುಮಟ್ಟಿಗೆ ಕಲ್ಲುಗಳಿಂದಲೂ ಕ್ಲೋರಿನ್ ಬಹುಮಟ್ಟಿಗೆ ಪೂರ್ವಕಾಲದ ಅಗ್ನಿಪರ್ವತಗಳ ಹೊಗೆಯಿಂದಲೂ ಬಂದವು. ಸುಣ್ಣವನ್ನು ಚಿಪ್ಪಿನ ಪ್ರಾಣಿಗಳು ತಮ್ಮ ಚಿಪ್ಪಿಗೆ ತೆಗೆದುಕೊಳ್ಳುತ್ತವೆ. ಹೀಗೆ ಕೋಟ್ಯಂತರ ವರುಷಗಳು ಕಳೆದು, ಈಗ ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಮು ಲವಣಗಳುಂಟು.

ಈ ಲವಣವು ನೀರನ್ನು ಭಾರಮಾಡುತ್ತದೆ; ಚಳಿಯೂ ಭಾರಮಾಡುತ್ತದೆ. 28 ಡಿಗ್ರಿ ಬೆಚ್ಚಗಿನ ಒಂದು ಲೀಟರು ಸಿಹಿನೀರು ಸುಮಾರು 996 ಗ್ರಾಮು ತೂಗಿದರೆ, ಅಷ್ಟೇ ಬೆಚ್ಚಗಿನ ಸಮುದ್ರದ ನೀರು ಸುಮಾರು 1022 ಗ್ರಾಮು ತೂಗುತ್ತದೆ. ಅದನ್ನೇ 2 ಡಿಗ್ರಿಗೆ ತಣಿಸಿದರೆ ಸುಮಾರು 1028 ಆಗುತ್ತದೆ. ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ, ಇದರಿಂದಲೇ ಪದರಗಳಾಗುವವು.

ಬಂಗಾಳಕೊಲ್ಲಿಯ ಉತ್ತರಭಾಗವನ್ನು ನೋಡೋಣ. ಮಳೆಗಾಲದಲ್ಲಿ ಗಂಗೆಯೂ ಬ್ರಹ್ಮಪುತ್ರೆಯೂ ಸುರಿಯುವ ನೀರು, ಹಾಲಿನ ಮೇಲಿನ ಕೆನೆಯಂತೆ, ಉಪ್ಪುನೀರಿನ ಮೇಲೆ ಹರಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಈ ಮೇಲ್ಪದರವು ತಣ್ಣಗಾದರೂ ಮುಳುಗುವದಿಲ್ಲ. ಮೇಲಿನ ನೀರು 25 ಡಿಗ್ರಿ, ಕಿಲೋಗೆ 30 ಗ್ರಾಮು ಲವಣವುಳ್ಳದ್ದು ಎಂದಿಟ್ಟುಕೊಳ್ಳಿರಿ. ಅದರ ಲೀಟರು ಸುಮಾರು 1019½ ಗ್ರಾಮು ತೂಗುವದು. ಕೆಳಗಿನದು 28 ಡಿಗ್ರಿ, 34 ಗ್ರಾಮು ಲವಣವುಳ್ಳದ್ದಾದರೆ 1021½ ತೂಗುವದು. ಚಳಿಯು ಕೂಡಿಸಿದ ಭಾರಕ್ಕಿಂತ ಉಪ್ಪಿನ ಕೊರತೆಯೇ ದೊಡ್ಡದಾಯಿತು. ಆದ್ದರಿಂದ ಅಲ್ಲಿ ತಣ್ಣೀರು ಮೇಲೆ, ಬೆಚ್ಚನೆಯದು ಕೆಳಗೆ!

ಇದು ನಮ್ಮ ಹೊಲಕ್ಕೂ ತಗಲುವ ಮಾತು. ಚಂಡಮಾರುತವು ಸಮುದ್ರವನ್ನು ಕಲಕಿ ಆಳದ ತಣ್ಣೀರನ್ನು ಮೇಲೆ ತಂದರೆ ತನ್ನ ಬಲವನ್ನೇ ಕುಂದಿಸಿಕೊಳ್ಳುತ್ತದೆ. ಯಾಕಂದರೆ ಬೆಚ್ಚನೆಯ ನೀರೇ ಅದರ ಆಹಾರ. ಮಳೆಗಾಲ ಕಳೆದ ಮೇಲೆ ಕೊಲ್ಲಿಯ ಹಗುರವಾದ ಮೇಲ್ಪದರವು ಈ ಕಲಕುವಿಕೆಯನ್ನು ತಡೆಯುವದುಂಟು. ಆಗ ಗಾಳಿಯ ಬಲವು ಬೇಗ ಕುಂದದು. ಕೊಯಿದ ರಾಗಿಯನ್ನು ನೆನೆಸುವ ಅಕಾಲದ ಮಳೆಯು ಎಷ್ಟೋ ಸಾರಿ ಆ ಕೊಲ್ಲಿಯ ಕಡೆಯಿಂದಲೇ ಬರುತ್ತದೆ.

ಪರೀಕ್ಷಿಸಬೇಕೆಂಬವರು ಒಂದು ಲೀಟರು ನೀರಿಗೆ 35 ಗ್ರಾಮು ಉಪ್ಪು ಕರಗಿಸಿ, ಗಾಜಿನ ಲೋಟದಲ್ಲಿ ಅರ್ಧ ತುಂಬಿಸಲಿ. ಬಳಿಕ ಸಿಹಿನೀರಿಗೆ ನಾಲ್ಕು ತೊಟ್ಟು ಕಾಫಿ ಕಷಾಯ ಬೆರಸಿ, ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಹೊಯ್ಯಲಿ. ಬಣ್ಣದ ನೀರು ಮೇಲೆಯೇ ನಿಲ್ಲುವದು. ಜೋರಾಗಿ ಹೊಯ್ದರೆ ಎರಡೂ ಬೆರೆತು ಪದರವು ಕೆಡುವದು.