ಪಾಠ ಮುಗಿದಾಗ ಒಂದು ಚೀಟಿ

ತರಗತಿಯ ಗಂಟೆ ಬಾರಿಸುವುದಕ್ಕೆ ಮುಂಚೆ ಉಪಾಧ್ಯಾಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಎಲ್ಲರಿಗೂ ಅರ್ಥವಾಯಿತೆ?" ಇದಕ್ಕೆ ಬರುವ ಉತ್ತರವೂ ಒಂದೇ. ಅರ್ಥವಾಗದವನು ಬಾಯಿ ಬಿಡಲು ಸಂಕೋಚಪಡುತ್ತಾನೆ. ಅರ್ಥವಾಗಿದೆಯೆಂದು ತಪ್ಪಾಗಿ ಭಾವಿಸಿದವನಂತೂ ಪ್ರಾಮಾಣಿಕವಾಗಿಯೇ 'ಹೌದು' ಎನ್ನುತ್ತಾನೆ. ಎರಡನೆಯವನೇ ಹೆಚ್ಚು ತೊಡಕಿನವನು. ತನ್ನ ಅಜ್ಞಾನದ ಸುಳಿವು ಅವನಿಗೇ ಇರುವುದಿಲ್ಲವಷ್ಟೆ. ಈ ತೊಡಕನ್ನು ನಿವಾರಿಸಲು ಬಳಕೆಗೆ ಬಂದ ಒಂದು ಉಪಾಯವೇ ನಿರ್ಗಮನ ಚೀಟಿ. ಕೊನೆಯ ಐದು ನಿಮಿಷಗಳಲ್ಲಿ ವಿದ್ಯಾರ್ಥಿಗಳು ಅಂಗೈಯಗಲದ ಕಾಗದದಲ್ಲಿ ಎರಡು ಮೂರು ಪ್ರಶ್ನೆಗಳಿಗೆ ಉತ್ತರ ಬರೆದು, ಬಾಗಿಲಲ್ಲಿ ಕೊಟ್ಟು ಹೊರಡುತ್ತಾರೆ. ಇದರ ಹತ್ತಿರದ ಬಂಧುವಾದ 'ಒಂದು ನಿಮಿಷದ ಬರಹ'ವನ್ನು ಬಳಕೆಗೆ ತಂದ ಕೀರ್ತಿಯನ್ನು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಭೌತಶಾಸ್ತ್ರಜ್ಞ ಚಾರ್ಲ್ಸ್ ಶ್ವಾರ್ಟ್ಸ್ ಅವರಿಗೆ ಸಲ್ಲಿಸುವುದುಂಟು.

ಚೀಟಿಯ ಮೇಲೆ ಯಾವ ಪ್ರಶ್ನೆಗಳನ್ನು ಕೇಳಬೇಕು? ಎಲ್ಲ ಕಷ್ಟವೂ ಇಲ್ಲಿಯೇ ಇದೆ. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು ಕಲಿಕೆಯ ಗುರಿಗಳನ್ನು ಆರು ಮಟ್ಟಗಳಾಗಿ ವಿಂಗಡಿಸಿದರು. ತಿಳಿದುದನ್ನು ನೆನಪಿನಿಂದ ಹೇಳುವುದು ಅವುಗಳಲ್ಲಿ ಮೊದಲನೆಯದು. ಗ್ರಹಿಸುವುದು, ಅನ್ವಯಿಸುವುದು, ವಿಶ್ಲೇಷಿಸುವುದು ಮುಂತಾದುವು ಅದರ ಮೇಲಿನವು. ಐದು ನಿಮಿಷಗಳ ಚೀಟಿಗೆ ಮೂರು ಮಟ್ಟಗಳೇ ಸಾಕು. ಪ್ರೌಢಶಾಲೆಯ ಒಂದು ಪಾಠವನ್ನೇ ತೆಗೆದುಕೊಂಡು ಇದನ್ನು ವಿವರವಾಗಿ ನೋಡೋಣ.

ಪಾಠವು ಸರಣಿ ಜೋಡಣೆಯ ವಿದ್ಯುನ್ಮಂಡಲದ್ದು. ಚೀಟಿಯ ಮೊದಲ ಪ್ರಶ್ನೆ: ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಬ್ಯಾಟರಿಗೆ ಜೋಡಿಸಿದೆ, ಮೊದಲನೆಯ ಬಲ್ಬಿಗೆ ಮುಂಚೆ ಆಂಪಿಯರ್ ಮಾಪಕವು 0.3 ಆಂಪಿಯರ್ ತೋರಿಸುತ್ತದೆ. ಮಾಪಕವನ್ನು ಬಲ್ಬುಗಳ ನಡುವೆಯೂ, ಎರಡನೆಯದರ ಆಚೆಯೂ ಇಟ್ಟರೆ ಏನು ತೋರಿಸೀತು? ಎರಡನೆಯದು: 3 ವೋಲ್ಟಿನ ಬ್ಯಾಟರಿಗೆ 5 ಓಮ್ ಮತ್ತು 10 ಓಮ್ ರೋಧಗಳನ್ನು ಸರಣಿಯಲ್ಲಿ ಜೋಡಿಸಿದಾಗ ಪ್ರವಾಹವೆಷ್ಟು, ಒಂದೊಂದು ರೋಧದ ತುದಿಗಳ ನಡುವಣ ವಿಭವಾಂತರವೆಷ್ಟು? ಮೂರನೆಯದು: ಬ್ಯಾಟರಿಯ ಧನಾಗ್ರದಿಂದ ಹೊರಟ ತಂತಿಯಲ್ಲಿ ಮೊದಲು ಬಲ್ಬು, ಅನಂತರ ಹೆಚ್ಚು ಕಡಮೆ ಮಾಡಬಲ್ಲ ರೋಧ ಇವೆ, ರೋಧವನ್ನು ಹೆಚ್ಚಿಸಿದರೆ ಬಲ್ಬಿನ ಬೆಳಕು ಏನಾಗುವುದು, ಏಕೆ? ಒಂದು ವಾಕ್ಯದಲ್ಲಿ ಬರೆಯಿರಿ.

ವಾಚಕರು ಮುಂದೆ ಓದುವ ಮುನ್ನ ತಾವೇ ಉತ್ತರಿಸಿ ನೋಡಬಹುದು.

ಮೊದಲ ಪ್ರಶ್ನೆಗೆ ಎರಡು ಕಡೆಯೂ 0.3 ಆಂಪಿಯರ್. ಎರಡನೆಯದರಲ್ಲಿ ಒಟ್ಟು ರೋಧ 15 ಓಮ್, ಪ್ರವಾಹ 0.2 ಆಂಪಿಯರ್, ವಿಭವಾಂತರಗಳು 1 ವೋಲ್ಟ್ ಮತ್ತು 2 ವೋಲ್ಟ್. ಮೂರನೆಯದರಲ್ಲಿ ಬಲ್ಬು ಮಂದವಾಗುವುದು. ಏಕೆಂದರೆ ರೋಧವು ಮಂಡಲದಲ್ಲಿ ಎಲ್ಲಿ ಹೆಚ್ಚಿದರೂ ಇಡೀ ಮಂಡಲದ ಪ್ರವಾಹ ಕುಗ್ಗುತ್ತದೆ.

ಇನ್ನು ನಲವತ್ತು ಚೀಟಿಗಳು ಬಂದವೆಂದು ಇಟ್ಟುಕೊಳ್ಳೋಣ. ಲೆಕ್ಕದ ಪ್ರಶ್ನೆಯನ್ನು 34 ಮಂದಿ ಸರಿಯಾಗಿ ಮಾಡಿದ್ದಾರೆ; ಮೊದಲನೆಯದನ್ನು 25 ಮಂದಿ; ಮೂರನೆಯದನ್ನು 11 ಮಂದಿ. ಸುಲಭವೆಂದು ಮೊದಲಿಗಿಟ್ಟ ಪ್ರಶ್ನೆ ಲೆಕ್ಕಕ್ಕಿಂತ ಕಠಿನವಾಯಿತಲ್ಲ ಎಂದು ಆಶ್ಚರ್ಯಪಡಬೇಕಾದುದಿಲ್ಲ. ಓಮ್‌ನ ನಿಯಮದಲ್ಲಿ ಅಂಕಿಗಳನ್ನು ತುಂಬುವ ಕೈಗೆ ಪ್ರವಾಹದ ಕಲ್ಪನೆ ಬೇಕಾಗುವುದೇ ಇಲ್ಲ. ಲೆಕ್ಕದಲ್ಲಿ ಪೂರ್ಣ ಅಂಕ ಪಡೆದವನೇ ಮೊದಲ ಪ್ರಶ್ನೆಗೆ 0.2, 0.1 ಎಂದು ಬರೆಯಬಹುದು. ಪ್ರವಾಹವನ್ನು ಬಲ್ಬು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕುತ್ತದೆ ಎಂಬ ಭಾವನೆ ಅವನದು. ಬಲ್ಬಿನಲ್ಲಿ ವ್ಯಯವಾಗುವುದು ಪ್ರವಾಹವಲ್ಲ, ಬ್ಯಾಟರಿ ಒದಗಿಸಿದ ಶಕ್ತಿ. ಈ ಎರಡನ್ನೂ ಒಂದೇ ಮಾತಿನಲ್ಲಿ 'ಕರೆಂಟು' ಎಂದು ಕರೆಯುವ ನಮ್ಮ ಮನೆಮಾತು ಗೊಂದಲಕ್ಕೆ ಚೆನ್ನಾಗಿಯೇ ನೆರವಾಗುತ್ತದೆ.

ಚೀಟಿಗಳನ್ನು ಸರಿ, ತಪ್ಪು ಎಂದು ಎರಡೇ ಕಟ್ಟುಗಳಾಗಿ ಮಾಡಿದರೆ ಹೆಚ್ಚೇನೂ ತಿಳಿಯದು. ಕಾರಣಗಳ ಮೇಲೆ ವಿಂಗಡಿಸಬೇಕು. ಮೂರನೆಯ ಪ್ರಶ್ನೆಯಲ್ಲಿ ತಪ್ಪಿದವರಲ್ಲಿ ಹೆಚ್ಚಿನವರು "ಪ್ರವಾಹವು ಬಲ್ಬನ್ನು ದಾಟಿದ ಮೇಲೆ ರೋಧವನ್ನು ಸೇರುತ್ತದೆ, ಆದ್ದರಿಂದ ಬೆಳಕು ಬದಲಾಗದು" ಎಂದು ಬರೆದಿರುತ್ತಾರೆ. ಇವರ ಕಣ್ಣಿಗೆ ಪ್ರವಾಹವು ಒಂದೊಂದೇ ಊರು ದಾಟಿ ಬರುವ ಪ್ರಯಾಣಿಕ. ಮುಂದಿನ ಊರಿನ ಸುದ್ದಿ ಹಿಂದಿನ ಊರಿಗೆ ತಿಳಿಯದು. ಸರಿಯುತ್ತರ ಕೊಟ್ಟ 11 ಮಂದಿಯಲ್ಲಿಯೂ ಮೂವರು "ರೋಧವು ಪ್ರವಾಹವನ್ನು ನುಂಗುವುದರಿಂದ ಬಲ್ಬು ಮಂದವಾಗುತ್ತದೆ" ಎಂದಿದ್ದರೆ ಅವರ ಚೀಟಿಗಳು ಬೇರೆ ಕಟ್ಟಿಗೆ ಸೇರಬೇಕು. 'ಏಕೆ' ಎಂಬ ಒಂದು ಮಾತು ಇಲ್ಲದಿದ್ದರೆ ಈ ಮೂವರೂ ಪಾಸಾಗಿಬಿಡುತ್ತಿದ್ದರು.

ಮರುದಿನ ಏನು ಮಾಡಬೇಕೆಂಬುದನ್ನು ಈ ಕಟ್ಟುಗಳೇ ತಿಳಿಸುತ್ತವೆ. 'ತಿಂದುಹಾಕುವ' ಕಟ್ಟು ದೊಡ್ಡದಾಗಿದ್ದರೆ ಮೊದಲ ಹತ್ತು ನಿಮಿಷ ಮಾಪಕಕ್ಕೆ ಮೀಸಲು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂರು ಮಾಪಕಗಳನ್ನು ಮೂರು ಕಡೆ ಒಟ್ಟಿಗೇ ಇಡಬಾರದು. ಶಾಲೆಯ ಮಾಪಕಗಳ ಮುಳ್ಳುಗಳು ಒಂದಕ್ಕೊಂದು ತುಸು ಹೊಂದದಿರುವುದು ಅಪರೂಪವಲ್ಲ. ಮೂರನೆಯದು ಸ್ವಲ್ಪ ಕಡಮೆ ತೋರಿಸಿದರೆ ವಿದ್ಯಾರ್ಥಿ ತನ್ನ ತಪ್ಪು ಕಲ್ಪನೆಗೆ ಸಾಕ್ಷ್ಯ ದೊರೆಯಿತೆಂದು ಹಿಗ್ಗುತ್ತಾನೆ. ಒಂದೇ ಮಾಪಕವನ್ನು ಮೂರು ಕಡೆಗೂ ಸರದಿಯಾಗಿ ಸೇರಿಸಿ ಓದಬೇಕು. 'ಪ್ರಯಾಣಿಕ'ನ ಕಟ್ಟು ದೊಡ್ಡದಾಗಿದ್ದರೆ, ಬದಲಾಯಿಸಬಲ್ಲ ರೋಧವನ್ನು ಬಲ್ಬಿನ ಈಚೆಗೊಮ್ಮೆ, ಆಚೆಗೊಮ್ಮೆ ಜೋಡಿಸಿ, ಪ್ರತಿ ಸಲವೂ ಫಲವನ್ನು ಮೊದಲು ಊಹಿಸಿ ಬರೆಸಿ, ಆಮೇಲೆ ತೋರಿಸಬೇಕು. ಸೈಕಲ್ಲಿನ ಸರಪಣಿ ಇಲ್ಲಿ ಒಳ್ಳೆಯ ಹೋಲಿಕೆ: ಹಿಂದಿನ ಚಕ್ರಕ್ಕೆ ಬ್ರೇಕು ಬಿಗಿದರೆ ಸರಪಣಿಯ ಎಲ್ಲ ಕೊಂಡಿಗಳೂ ಒಟ್ಟಿಗೇ ನಿಧಾನವಾಗುತ್ತವೆ, ಚಕ್ರವನ್ನು ಇನ್ನೂ ತಲಪದ ಕೊಂಡಿಗಳೂ ಹಾಗೆಯೇ.

ಚೀಟಿಗೆ ಅಂಕ ಕೊಡುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಅಂಕ ಬಂದೊಡನೆ ಪಕ್ಕದವನ ಚೀಟಿಯ ಮೇಲೆ ಕಣ್ಣು ಬೀಳುತ್ತದೆ. ಹಾಗಾದಾಗ ನಮಗೆ ದೊರೆಯುವುದು ಒಬ್ಬನೇ ಬುದ್ಧಿವಂತನ ನಲವತ್ತು ಪ್ರತಿಗಳು. ಇನ್ನೊಂದು ಮಿತಿಯೂ ಉಂಟು. ಪಾಠ ಮುಗಿದ ಮರುಕ್ಷಣದ ಉತ್ತರದಲ್ಲಿ ಉಪಾಧ್ಯಾಯರ ಮಾತಿನ ಪ್ರತಿಧ್ವನಿಯೇ ಇರಬಹುದು. ಆದುದರಿಂದ ಎರಡು ವಾರಗಳಾದ ಮೇಲೆ ಅದೇ ಪ್ರಶ್ನೆಯನ್ನು ಬೇರೆ ವೇಷದಲ್ಲಿ ಕೇಳಬೇಕು. ಉದಾಹರಣೆಗೆ, 5 ಮತ್ತು 10 ಓಮ್ ರೋಧಗಳ ಸ್ಥಾನಗಳನ್ನು ಅದಲುಬದಲು ಮಾಡಿದರೆ ಪ್ರವಾಹ ಬದಲಾದೀತೆ ಎಂದು.

ಕಾಲೇಜಿನ ತರಗತಿಯಲ್ಲಿಯೂ ವಿಷಯ ಇದೇ. ಏರುವುದು ಮಟ್ಟ ಮಾತ್ರ. ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಸಂಶೋಧನೆಯ ಒಂದು ಪ್ರಶ್ನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದೇ ಬಗೆಯ ಐದು ಬಲ್ಬುಗಳು, ಒಂದೇ ಬಗೆಯ ಮೂರು ಆದರ್ಶ ಬ್ಯಾಟರಿಗಳು. ಮೊದಲ ಬ್ಯಾಟರಿಗೆ ಒಂಟಿ ಬಲ್ಬು, ಎರಡನೆಯದಕ್ಕೆ ಎರಡು ಸರಣಿಯಲ್ಲಿ, ಮೂರನೆಯದಕ್ಕೆ ಎರಡು ಸಮಾಂತರವಾಗಿ. ಯಾವುದು ಹೆಚ್ಚು ಬೆಳಗುವುದು? ಲೆಕ್ಕವೇ ಬೇಡದ ಈ ಪ್ರಶ್ನೆಗೆ ಅಮೆರಿಕದ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಲ್ಲಿ ಸರಿಯಾಗಿ ಉತ್ತರಿಸಿದವರು ನೂರಕ್ಕೆ ಸುಮಾರು 15 ಮಂದಿ ಮಾತ್ರ. ಒಂಟಿ ಬಲ್ಬು ಮತ್ತು ಸಮಾಂತರದ ಎರಡೂ ಸಮಾನವಾಗಿ ಬೆಳಗುತ್ತವೆ. ಸರಣಿಯ ಎರಡು ಅವಕ್ಕಿಂತ ಮಂದ, ಆದರೆ ತಮ್ಮೊಳಗೆ ಸಮಾನ. ಬ್ಯಾಟರಿಯು ಯಾವಾಗಲೂ ಒಂದೇ ಪ್ರವಾಹವನ್ನು ಕೊಡುತ್ತದೆಂದು ನಂಬಿದವರು ಸಮಾಂತರದ ಬಲ್ಬುಗಳನ್ನೂ ಮಂದವೆನ್ನುತ್ತಾರೆ. ಈ ನಂಬಿಕೆಯನ್ನು ಹೊರಗೆಳೆಯುವುದಕ್ಕೇ ಮೂರನೆಯ ಬ್ಯಾಟರಿ ಅಲ್ಲಿರುವುದು.

ಪದವಿ ತರಗತಿಯ ಚೀಟಿಗೆ ಇನ್ನೂ ಒಂದು ಸಾಲು ಸೇರಿಸಬಹುದು. ಸವೆದ ಟಾರ್ಚ್ ಸೆಲ್ಲುಗಳಿಂದ ಈ ಪ್ರಯೋಗ ಮಾಡಿದಾಗ ಸಮಾಂತರದ ಬಲ್ಬುಗಳು ಒಂಟಿ ಬಲ್ಬಿಗಿಂತ ಮಂದವಾಗಿಯೇ ಕಾಣುತ್ತವೆ. ಹಾಗಾದರೆ ಮೇಲಿನ ಉತ್ತರ ತಪ್ಪೆ? ತಪ್ಪಲ್ಲ, ಸೆಲ್ಲಿನ ಒಳಗಣ ರೋಧವು ಹೆಚ್ಚಿದ ಪ್ರವಾಹದಿಂದ ಹೆಚ್ಚು ವಿಭವಾಂತರವನ್ನು ತನ್ನಲ್ಲೇ ಉಳಿಸಿಕೊಂಡು, ಬಲ್ಬುಗಳಿಗೆ ಕಡಮೆಯನ್ನು ಬಿಡುತ್ತದೆ. ಇದನ್ನು ತಾನಾಗಿ ಬರೆದ ವಿದ್ಯಾರ್ಥಿಯ ಚೀಟಿಯನ್ನು ಮೊದಲನೆಯ ಕಟ್ಟಿನ ಮೇಲ್ಭಾಗದಲ್ಲಿಡಬಹುದು.